ರಾತ್ರಿ ಪಾಳಿಯ ಗಂಟೆ ಲೆಕ್ಕ: ಎಕ್ಸೆಲ್‌ನಲ್ಲಿ ಮೂರು ದಾರಿ ನೋಡಿದೆ

ಒಂದು ಸಣ್ಣ ಕಾರ್ಖಾನೆಯ ಕಾವಲುಗಾರರ ಹಾಜರಿ ನಾನು ಬರೆಯುತ್ತೇನೆ. ರಾತ್ರಿ ಪಾಳಿಯವರು ಸಂಜೆ 7:30ಕ್ಕೆ ಬರುತ್ತಾರೆ, ಬೆಳಗ್ಗೆ 6:15ಕ್ಕೆ ಹೊರಡುತ್ತಾರೆ. ಬೆರಳಲ್ಲಿ ಎಣಿಸಿದರೂ 10 ಗಂಟೆ 45 ನಿಮಿಷ ಅಂತ ಗೊತ್ತಾಗುತ್ತದೆ. ಆದರೆ A2ರಲ್ಲಿ 19:30, B2ರಲ್ಲಿ 6:15 ಬರೆದು `=B2-A2` ಹಾಕಿದರೆ ಬರೋದು ಬರೀ `#####`. ಕಾಲಂ ಎಷ್ಟು ಅಗಲ ಮಾಡಿದರೂ ಅದು ಹೋಗಲ್ಲ.

ಎಕ್ಸೆಲ್‌ಗೆ ಒಂದು ದಿನ ಅಂದರೆ 1. ಸಮಯ ಅಂದರೆ ಆ ಒಂದರ ಭಾಗ. ಮಧ್ಯಾಹ್ನ 12 ಗಂಟೆ ಅಂದರೆ 0.5. ತಾರೀಕು ಬರೆಯದಿದ್ದರೆ ಎರಡೂ ಸಮಯ ಒಂದೇ ದಿನದ್ದು ಅಂದುಕೊಳ್ಳುತ್ತದೆ. ಆಗ ಉತ್ತರ ಸೊನ್ನೆಗಿಂತ ಕೆಳಗೆ ಹೋಗುತ್ತದೆ, ಅದನ್ನು ಗಡಿಯಾರದ ರೂಪದಲ್ಲಿ ತೋರಿಸಲು ಅದಕ್ಕೆ ಬರಲ್ಲ. ಹಾಗಾಗಿ ನಡುರಾತ್ರಿ ದಾಟಿದ ಒಂದು ದಿನವನ್ನು ನಾವೇ ಸೇರಿಸಬೇಕು. ಅದಕ್ಕೆ ನಾನು ಬಳಸಿ ನೋಡಿದ ಮೂರು ದಾರಿ ಇವು:

```
=IF(B2<A2,B2+1,B2)-A2
=MOD(B2-A2,1)
=B2-A2
```

ಮೂರನೆಯದು ಮೊದಲಿನದೇ ಕಳೆಯುವ ಲೆಕ್ಕ. ಆದರೆ ಎರಡೂ ಮನೆಗಳಲ್ಲಿ ತಾರೀಕೂ ಇರಬೇಕು: `2024-06-05 19:30`, `2024-06-06 06:15`.

ಮೊದಲ ಎರಡರ ಉತ್ತರ ಯಾವಾಗಲೂ ಒಂದೇ. `IF` ಓದಿದ ತಕ್ಷಣ ಅರ್ಥವಾಗುತ್ತದೆ: ಹೋದ ಸಮಯ ಬಂದ ಸಮಯಕ್ಕಿಂತ ಚಿಕ್ಕದಿದ್ದರೆ ಒಂದು ದಿನ ಸೇರಿಸು, ಅಷ್ಟೇ. `MOD` ಕೂಡ ಉತ್ತರ ಸೊನ್ನೆಗಿಂತ ಕೆಳಗೆ ಹೋದರೆ ಒಂದು ದಿನ ತಾನೇ ಸೇರಿಸುತ್ತದೆ. ಅದು ಚಿಕ್ಕದು, ಹಗಲು ಪಾಳಿಗೂ ಅದೇ ನಡೆಯುತ್ತದೆ. ಹಾಜರಿ ಪುಸ್ತಕದಲ್ಲಿ ಬರೀ ಸಮಯ ಇರುತ್ತದೆ ಅಲ್ವಾ, ಟೈಪ್ ಮಾಡುವ ಕೆಲಸವೂ ಕಡಿಮೆ. ನಾನು `MOD` ಇಟ್ಟುಕೊಂಡೆ.

ಎರಡು ವಾರದ ನಂತರ ಅದರ ತೊಂದರೆ ಕಂಡಿತು. ಒಬ್ಬರು ಹೋಗುವಾಗ ಸಮಯ ಬರೆದಿರಲಿಲ್ಲ. B ಮನೆ ಖಾಲಿ. ಖಾಲಿ ಮನೆಯನ್ನು ಎಕ್ಸೆಲ್ ಸೊನ್ನೆ, ಅಂದರೆ ನಡುರಾತ್ರಿ ಅಂತ ತೆಗೆದುಕೊಂಡು 4:30 ಅಂತ ತೋರಿಸಿತ್ತು. ನೋಡಲು ಸರಿಯಾದ ಉತ್ತರದ ಹಾಗೇ ಇತ್ತು. ಒಬ್ಬರ ರಾತ್ರಿಯ ಆರು ಗಂಟೆ ದುಡಿಮೆ ಸುಮ್ನೆ ಕಳೆದುಹೋಗುತ್ತಿತ್ತು. `IF` ಇದ್ದಿದ್ದರೂ ಇದೇ ಆಗುತ್ತಿತ್ತು. ಈಗ ಹೀಗೆ ಬರೆಯುತ್ತೇನೆ, ಎರಡೂ ಸಮಯ ಇಲ್ಲದಿದ್ದರೆ ಉತ್ತರವೇ ಬರಲ್ಲ:

```
=IF(COUNT(A2:B2)<2,"",MOD(B2-A2,1))
```

ಇನ್ನೊಂದು ತಪ್ಪನ್ನು ಇದೂ ಹಿಡಿಯಲ್ಲ. 19:30 ಬದಲು 7:30 ಅಂತ ಹೊಡೆದರೆ 22:45 ಬರುತ್ತದೆ. ಅದಕ್ಕೇ 14 ಗಂಟೆ ದಾಟಿದ ಮನೆ ಕೆಂಪಾಗುವ ಹಾಗೆ ಮಾಡಿಟ್ಟಿದ್ದೇನೆ.

ತಾರೀಕಿನ ದಾರಿ ಈ ವಿಷಯದಲ್ಲಿ ಜಾಸ್ತಿ ನಂಬಿಕೆಯದು. ಹೋದ ಸಮಯ ಖಾಲಿ ಬಿಟ್ಟರೆ `#####` ಬಂದು ತಪ್ಪು ಎದ್ದು ಕಾಣುತ್ತದೆ. ಆದರೆ ಅದನ್ನು ನಮ್ಮ ರೂಢಿಯಂತೆ 05-06-2024 ಅಂತ ಬರೆದಾಗ ಪೇಚಿಗೆ ಸಿಕ್ಕಿದೆ. ಆ ಕಂಪ್ಯೂಟರ್ ಅಮೆರಿಕದ ರೂಢಿಯಲ್ಲಿತ್ತು, ತಿಂಗಳನ್ನು ಮೊದಲು ಓದುತ್ತಿತ್ತು. ಜೂನ್ 5 ಅದಕ್ಕೆ ಮೇ 6 ಆಯಿತು, ಜೂನ್ 6 ಹಾಗೇ ಉಳಿಯಿತು. ಒಂದು ರಾತ್ರಿಗೆ 730:45 ಗಂಟೆ! 13ನೇ ತಾರೀಕಿನಿಂದ `#VALUE!`, ಏಕೆಂದರೆ ಹದಿಮೂರನೇ ತಿಂಗಳೇ ಇಲ್ಲವಲ್ಲ. ವರ್ಷ ಮೊದಲು ಬರೆದರೆ ಈ ಗೊಂದಲ ಇಲ್ಲ.

ಯಾವ ದಾರಿ ಹಿಡಿದರೂ ಒಟ್ಟು ಕೂಡುವಾಗ ಮತ್ತು ಸಂಬಳಕ್ಕೆ ಗುಣಿಸುವಾಗ ಎಚ್ಚರ ಬೇಕು. ಊಟದ ಅರ್ಧ ಗಂಟೆ ಕಳೆದು ದಿನಕ್ಕೆ 10:15 ಅಂದರೆ ಆರು ರಾತ್ರಿಗೆ 61:30. ಮಾಮೂಲಿ `h:mm` ರೂಪದಲ್ಲಿ ಅದು 13:30 ಅಂತ ಕಾಣುತ್ತದೆ, ಎರಡು ಪೂರ್ತಿ ದಿನ ಮರೆಯಾಗಿರುತ್ತವೆ. `[h]:mm` ಕೊಟ್ಟರೆ 61:30 ಸರಿಯಾಗಿ ಬರುತ್ತದೆ. ಗಂಟೆಗೆ 80 ರೂಪಾಯಿ ಇದ್ದರೆ 10:15ನ್ನು ನೇರ 80ರಿಂದ ಗುಣಿಸಬೇಡಿ, 34 ರೂಪಾಯಿ 17 ಪೈಸೆ ಬರುತ್ತದೆ. ಮೊದಲು 24ರಿಂದ ಗುಣಿಸಬೇಕು. ಆಗ 10.25 ಗಂಟೆ, 820 ರೂಪಾಯಿ. ಕೈಯಲ್ಲಿ ಲೆಕ್ಕ ಮಾಡುವವರು 10:15ನ್ನು 10.15 ಅಂತ ಬರೆದು 812 ಕೊಡೋದನ್ನೂ ನೋಡಿದ್ದೇನೆ. ಒಂದು ರಾತ್ರಿಗೆ ಎಂಟು ರೂಪಾಯಿ ಹೋಯಿತು.

ದಿನದ ಹಾಜರಿಗೆ ನನ್ನ ಆಯ್ಕೆ `COUNT` ಸೇರಿಸಿದ `MOD`. ಆದರೆ ಬದಲಿ ಆಳು ಬರದೆ ಒಬ್ಬರೇ ಎರಡು ಪಾಳಿ ನಿಂತು, ಸಂಜೆ 7:30ರಿಂದ ಮರುದಿನ ಸಂಜೆ 7:30ರವರೆಗೆ ದುಡಿದರೆ `MOD` ಸೊನ್ನೆ ತೋರಿಸುತ್ತದೆ. ಅಂಥ ದಿನಗಳಿಗೆ ಬೇರೆ ಹಾಳೆ ಇಟ್ಟಿದ್ದೇನೆ, ಅಲ್ಲಿ ತಾರೀಕು ಬರೆದೇ ಸಮಯ ಬರೆಯೋದು.