ಸೀರೆ ಉಡಿಸುವ ಆಪ್: ಅಜ್ಜಿಯ ಸುಕ್ಕು ಉಳಿಸುವುದೇ ದೊಡ್ಡ ಕೆಲಸ

ಫೋಟೋದಲ್ಲಿರುವವರಿಗೆ ಬೇರೆ ಬಟ್ಟೆ ಹಾಕಿ ತೋರಿಸುವ ಈ ಎಐ ಆಪ್ ಬಳಸಲು ಶುರುಮಾಡಿ ವರ್ಷದ ಮೇಲಾಯಿತು. ನನ್ನ ವಯಸ್ಸಿನವರ ಫೋಟೋ ಕೊಟ್ಟರೆ ದೂರುವಂಥದ್ದೇನಿಲ್ಲ. ತಕರಾರೆಲ್ಲ ಅಜ್ಜಿಯ ಫೋಟೋದಲ್ಲೇ.

ಕೇಳಿದ್ದು ರೇಷ್ಮೆ ಸೀರೆ, ಮಾಡಿದ್ದು ಫೇಶಿಯಲ್. ಕಣ್ಣಂಚಿನ ಗೆರೆಗಳು ಮಾಯ. ಕೆನ್ನೆ ನುಣ್ಣಗೆ. ತುಟಿ ಬಿಚ್ಚದೆ ನಗುವ ಅಜ್ಜಿಗೆ ಸಾಲು ಹಲ್ಲು ಬೇರೆ! ಉಡುಗೊರೆಗೆ ನೇರಳೆ ಬಣ್ಣ ಒಪ್ಪುತ್ತದೋ ಇಲ್ಲವೋ ನೋಡಬೇಕಿತ್ತು. ಮುಖವೇ ಅವರದ್ದಲ್ಲ ಅಂದಮೇಲೆ ಬಣ್ಣ ಹೇಗೆ ನೋಡುವುದು?

ಇಂಥ ಆಪ್‌ಗಳು ಹೆಚ್ಚಾಗಿ ಸೀರೆಯನ್ನಷ್ಟೇ ಅಲ್ಲ, ಇಡೀ ಚಿತ್ರವನ್ನೇ ಹೊಸದಾಗಿ ಬಿಡಿಸುತ್ತವೆ. ನಿಂತ ಫೋಟೋದಲ್ಲಿ ಮುಖಕ್ಕೆ ಸಿಗುವುದು ಚೂರು ಜಾಗ. ಸಣ್ಣ ಗೆರೆಗಳು ಮೊದಲು ಅಳಿಸಿಹೋಗುವುದು ಅಲ್ಲೇ. 'ಮುಖ ಬದಲಿಸಬೇಡ' ಅಂತ ಬರೆದರೂ ಪೂರ್ತಿ ನಂಬುವ ಹಾಗಿಲ್ಲ.

ಈಗ ನಾನು ಹೀಗೆ ಮಾಡುತ್ತೇನೆ. ಕಿಟಕಿ ಬೆಳಕಲ್ಲಿ, ಮಂಡಿಯಿಂದ ಮೇಲೆ ಮಾತ್ರ ಬರುವ ಹಾಗೆ ಫೋಟೋ ತೆಗೆಯುತ್ತೇನೆ. ಆಪ್‌ನಲ್ಲಿ ಸೆರಗು, ನೆರಿಗೆ, ರವಿಕೆಯ ಮೇಲಷ್ಟೇ ಬೆರಳಾಡಿಸಿ, ಬದಲಿಸಬೇಕಾದ ಜಾಗ ಅಂತ ಗುರುತು ಮಾಡುತ್ತೇನೆ. ಕುತ್ತಿಗೆ, ಕೈಗಳನ್ನು ಮುಟ್ಟುವುದಿಲ್ಲ. ಮುಖ ಉಳಿದು ಕೈ ಮಾತ್ರ ಹುಡುಗಿಯದ್ದಾದರೆ ಇನ್ನೂ ವಿಚಿತ್ರ, ಅಲ್ವಾ? ಆಮೇಲೆ ಬೇರೆ ಎಡಿಟರ್‌ನಲ್ಲಿ ಹೊಸ ಚಿತ್ರದ ಮೇಲೆ ಹಳೆಯದನ್ನು ಲೇಯರ್ ಆಗಿ ಇಟ್ಟು, ಸೀರೆಯ ಜಾಗವನ್ನಷ್ಟೇ ಮೆತ್ತನೆ ಬ್ರಷ್‌ನಿಂದ ಅಳಿಸುತ್ತೇನೆ. ಆಗ ಮುಖ, ಕೈ ಎರಡೂ ಮೂಲ ಫೋಟೋದ್ದೇ. ಆಪ್ ತಲೆಯನ್ನು ಸ್ವಲ್ಪ ವಾಲಿಸಿದ್ದರೆ ಕುತ್ತಿಗೆ ಹತ್ತಿರ ಜೋಡಣೆ ಕೂರುವುದಿಲ್ಲ, ಮತ್ತೆ ಮಾಡಿಸಬೇಕು. ಕೊನೆಗೆ ಎರಡೂ ಫೋಟೋಗಳನ್ನು ಹಿಂದೆ ಮುಂದೆ ಸರಿಸಿ ಮೂಗುತಿ, ಗಲ್ಲದ ಮಚ್ಚೆ ನೋಡುತ್ತೇನೆ. ಅವು ಕದಲದಿದ್ದರೆ ಸರಿ. ಈ ಕೆಲಸ ಈಗ ಸಂಜೆ ಕಾಫಿ ಜೊತೆಗಿನ ಅಭ್ಯಾಸ.

ಹೀಗೆ ಸಿಕ್ಕ ಚಿತ್ರ ಮಾತ್ರ ಖುಷಿ ಕೊಟ್ಟಿತು. ಅಂಗಡಿಯವರು ಕಳಿಸಿದ ಎರಡು ಸೀರೆಗಳ ಫೋಟೋ ಹಾಕಿ ನೋಡಿದೆ. ನೇರಳೆ ಕಂಚಿಯಲ್ಲಿ ಅಜ್ಜಿಯ ಮುಖ ಕಳೆಗುಂದಿತು. ಗಿಣಿಹಸಿರು ಮೈಸೂರು ರೇಷ್ಮೆಯಲ್ಲಿ ಅದೇ ಸುಕ್ಕು, ಅದೇ ನಗು, ಆದರೂ ಲಕ್ಷಣ. ಅವರ ನಿಜವಾದ ಮುಖ ಇದ್ದದ್ದಕ್ಕೇ ಈ ವ್ಯತ್ಯಾಸ ಕಂಡಿದ್ದು.

ಒಂದು ವಿಷಯದಲ್ಲಿ ಮಾತ್ರ ಇದನ್ನು ನಂಬಬೇಡಿ. ದಪ್ಪ ಜರಿಯ ಕಂಚಿಯೂ ತೆಳು ಮೈಸೂರು ಕ್ರೇಪ್ ಸಿಲ್ಕೂ ಇದರಲ್ಲಿ ಒಂದೇ ಥರ ಇಳಿಬೀಳುತ್ತವೆ. ಅಂಚಿನ ಜರಿಯ ಹೂಗಳು ನೆರಿಗೆ ಮಡಚಿದಲ್ಲಿ ಕಲಸಿಹೋಗುತ್ತವೆ. ಹೆಗಲು ನೋವಿರುವವರಿಗೆ ಸೀರೆಯ ಭಾರವೇ ಮುಖ್ಯ. ಬಣ್ಣ ಇಲ್ಲಿ ಆರಿಸಿ, ಭಾರ ನೋಡಲು ಅಂಗಡಿಗೇ ಹೋಗಿ ಸೀರೆ ಕೈಗೆತ್ತಿಕೊಳ್ಳಿ.

ಹಣ ಕೊಟ್ಟು ತೆಗೆದುಕೊಳ್ಳುವ ಪ್ಲಾನ್ ನನಗಂತೂ ದಂಡ ಅನಿಸಿತು. ನನ್ನ ಬಳಕೆಗೆ ಉಚಿತದ್ದೇ ಸಾಕು. ಐದಕ್ಕೆ ಮೂರು ಸ್ಟಾರ್.