ಹಳೇ ಲ್ಯಾಪ್‌ಟಾಪ್ ಅಡಾಪ್ಟರ್, ಎಲ್ಇಡಿ ಸ್ಟ್ರಿಪ್ ಮತ್ತು ಕಾರವಾರದ ನಾಲ್ಕು ಮಳೆಗಾಲ

ನಾಲ್ಕು ವರ್ಷದ ಹಿಂದೆ ಚೌತಿಗೆ ಗಣಪತಿ ಮಂಟಪದಲ್ಲಿ ಹಾಕಲು ಮೂರು ಮೀಟರ್ ಎಲ್ಇಡಿ ಸ್ಟ್ರಿಪ್ ತಂದಿದ್ದೆ. ಹಬ್ಬ ಮುಗಿದ ಮೇಲೆ ಅದನ್ನೇ ಜಗಲಿಗೆ ಅಂಟಿಸಿದೆ. ಅಂದಿನಿಂದ ದಿನಾ ಸಂಜೆ ನಾಲ್ಕೈದು ತಾಸು ಉರಿಯುತ್ತದೆ. ನಮ್ಮ ಮನೆ ಕೋಡಿಬಾಗದಲ್ಲಿ, ಸಮುದ್ರದ ಗಾಳಿ ನೇರ ಜಗಲಿಗೇ ಬರುತ್ತದೆ.

ಸ್ಟ್ರಿಪ್‌ಗೆ ಬೇಕಾದದ್ದು 12 ವೋಲ್ಟ್. ಅದಕ್ಕೆ ನಾನು ಬಳಸಿದ, ಕೆಟ್ಟ ಲ್ಯಾಪ್‌ಟಾಪಿನ ಅಡಾಪ್ಟರ್ ಕೊಡುವುದು 19.5 ವೋಲ್ಟ್, 3.34 ಆಂಪಿಯರ್. ನನ್ನದು ಮೀಟರಿಗೆ ನಾಲ್ಕೂವರೆಗಿಂತ ಸ್ವಲ್ಪ ಜಾಸ್ತಿ ವ್ಯಾಟ್ ತಿನ್ನುವ ಸಣ್ಣ ಬಲ್ಬಿನ ಸ್ಟ್ರಿಪ್. ಮೂರು ಮೀಟರಿಗೆ ಹದಿನಾಲ್ಕು ವ್ಯಾಟಿನ ಹತ್ತಿರ, ಅಂದರೆ 1.2 ಆಂಪಿಯರ್. ಅಡಾಪ್ಟರಿಗೆ ಇದೇನೂ ಭಾರವಲ್ಲ. ನಡುವೆ ವೋಲ್ಟೇಜ್ ಇಳಿಸಲು ಎಲ್ಎಂ2596 ಚಿಪ್ಪಿನ ಸಣ್ಣ ನೀಲಿ ಬಕ್ ಬೋರ್ಡ್ ಹಾಕಿದೆ.

ಅಡಾಪ್ಟರನ್ನೇ ಬಿಚ್ಚಿ 12ಕ್ಕೆ ಇಳಿಸಬಹುದಲ್ವಾ ಅಂತ ನನ್ನ ಗೆಳೆಯನೊಬ್ಬ ಪ್ರಯತ್ನಿಸಿದ್ದ. ಒಳಗಿನ ಕಂಟ್ರೋಲ್ ಚಿಪ್ಪಿಗೆ ಕರೆಂಟು ಬರುವುದು ಟ್ರಾನ್ಸ್‌ಫಾರ್ಮರಿನ ಇನ್ನೊಂದು ಸುರುಳಿಯಿಂದ. ಔಟ್‌ಪುಟ್ ಇಳಿಸಿದರೆ ಅದೂ ಇಳಿಯುತ್ತದೆ, ಕರೆಂಟು ಸಾಲದೆ ಚಿಪ್ ಆಫ್ ಆಗುತ್ತದೆ, ಮತ್ತೆ ಎದ್ದೇಳುತ್ತದೆ. ಅವನ ದೀಪ ಪಟಪಟ ಮಿನುಗುತ್ತಲೇ ಇತ್ತು. ಜೊತೆಗೆ ಅದರೊಳಗಿನ ದೊಡ್ಡ ಕೆಪಾಸಿಟರ್, ಪ್ಲಗ್ ತೆಗೆದ ಮೇಲೂ ಕೈಗೆ ಹೊಡೆಯುತ್ತದೆ. ಸುಮ್ನೆ ಬಿಡಿ. ಟೈಪ್-ಸಿ ಅಡಾಪ್ಟರ್ ಕೂಡ ಬೇಡ, ಲ್ಯಾಪ್‌ಟಾಪ್ ಕೇಳದೆ ಅದು 5 ವೋಲ್ಟಿನ ಮೇಲೆ ಏರುವುದೇ ಇಲ್ಲ.

ಬೋರ್ಡಿನ ಮೇಲೆ ಒಂದು ಹಿತ್ತಾಳೆ ತಿರುಪಿನ ನೀಲಿ ಪ್ರಿಸೆಟ್, ಅಂದರೆ ತಿರುಗಿಸಿ ಹೊಂದಿಸುವ ರೆಸಿಸ್ಟರ್, ಇದೆ. ಸ್ಟ್ರಿಪ್ ಜೋಡಿಸುವ ಮೊದಲೇ ಮಲ್ಟಿಮೀಟರ್ ಹಿಡಿದು ಅದನ್ನು ತಿರುಗಿಸಿ 12 ಮಾಡಬೇಕು. ಹತ್ತಿಪ್ಪತ್ತು ಸುತ್ತು ತಿರುಗಿಸಿದರೂ ಕೆಲವೊಮ್ಮೆ ಮೀಟರ್ ಅಲ್ಲಾಡುವುದಿಲ್ಲ, ಗಾಬರಿ ಬೇಡ. ಎರಡು ವರ್ಷ ಇದೇ ಸೆಟ್ಟಿಂಗಿನಲ್ಲಿ ಯಾವ ತೊಂದರೆಯೂ ಇಲ್ಲದೆ ನಡೆಯಿತು.

ಮೂರನೇ ಮಳೆಗಾಲದಲ್ಲಿ, ಜುಲೈ ಸಂಜೆ, ದೀಪ ಹಾಕಿದ ಕೂಡಲೇ ಜಗಲಿ ಮದುವೆ ಮನೆಯಂತೆ ಬೆಳಗಿತು. ಎಷ್ಟು ಚೆಂದ ಅಂದುಕೊಳ್ಳುತ್ತಿರುವಾಗಲೇ ಸುಟ್ಟ ಪ್ಲಾಸ್ಟಿಕ್ ವಾಸನೆ. ಆಫ್ ಮಾಡುವಷ್ಟರಲ್ಲಿ ಬೋರ್ಡಿಗೆ ಹತ್ತಿರದ ಒಂದು ಮೀಟರ್ ನೀಲಿ ತಿರುಗಿ ಸತ್ತಿತ್ತು. ಸ್ಟ್ರಿಪ್ ಬಿಚ್ಚಿ ಅಳೆದರೆ 19 ವೋಲ್ಟಿನ ಹತ್ತಿರ!

ಚಿಪ್ ಹೋಗಿದೆ ಎಂದುಕೊಂಡೆ. ಹೋಗಿರಲಿಲ್ಲ. ಒಣ ಬಿದಿರು ಕಡ್ಡಿಯಿಂದ ಪ್ರಿಸೆಟ್ಟನ್ನು ಮೆಲ್ಲಗೆ ಒತ್ತಿದರೆ ಮೀಟರ್ 12ಕ್ಕೆ ಬರುತ್ತಿತ್ತು, ಬಿಟ್ಟರೆ ಮತ್ತೆ 19. ಪ್ರಿಸೆಟ್ಟಿನೊಳಗೆ ಜಾರುವ ಸಣ್ಣ ಲೋಹದ ನಾಲಿಗೆಗೆ ಉಪ್ಪುಗಾಳಿ ತಾಗಿ ಸಂಪರ್ಕ ತಪ್ಪಿತ್ತು. ಔಟ್‌ಪುಟ್ ಎಷ್ಟಿದೆ ಎಂದು ಚಿಪ್ಪಿಗೆ ತಿಳಿಸುವುದು ಇದೇ ದಾರಿ. ಅದು ಕಡಿದರೆ ಚಿಪ್ಪಿಗೆ ಔಟ್‌ಪುಟ್ ಸೊನ್ನೆ ಎಂದೇ ಕಾಣುತ್ತದೆ. ಇನ್ನೂ ಏರಿಸು, ಇನ್ನೂ ಏರಿಸು ಎಂದು ಬಂದದ್ದನ್ನೆಲ್ಲ ದಾಟಿಸಿಬಿಡುತ್ತದೆ. ಕೆಟ್ಟರೆ ದೀಪ ಆರಬೇಕಿತ್ತು, ಇಲ್ಲಿ ಉರಿಯುತ್ತದೆ. ಈ ಬೋರ್ಡಿನ ಬಗ್ಗೆ ನನ್ನ ದೊಡ್ಡ ದೂರು ಇದೊಂದೇ.

ಹೊಸ ಬೋರ್ಡ್ ತರಿಸಿದರೆ ಅದರಲ್ಲೂ ಅದೇ ಪ್ರಿಸೆಟ್ ಇರುತ್ತದೆ. ಹಾಗಾಗಿ ಪ್ರಿಸೆಟ್ ಕಿತ್ತು, ಅದರ ಜಾಗಕ್ಕೆ 2.7 ಕಿಲೋ ಓಮಿನ ಮಾಮೂಲಿ ರೆಸಿಸ್ಟರ್ ಬೆಸೆದೆ. ನನ್ನ ಬೋರ್ಡಿನಲ್ಲಿ ಮೈನಸ್ ಕಡೆಗೆ 330 ಓಮಿನದು ಮೊದಲೇ ಇತ್ತು. ಲೆಕ್ಕ ಹೀಗೆ:

```
1.23 × (1 + 2700/330) = 11.29
```

1.23 ವೋಲ್ಟ್ ಎಂಬುದು ಔಟ್‌ಪುಟ್ ಹೋಲಿಸಿ ನೋಡಲು ಈ ಚಿಪ್ಪಿನೊಳಗೇ ಇರುವ ಅಳತೆಗೋಲು. ಪ್ರಿಸೆಟ್ಟಿನ ಮೂರು ಕಾಲಲ್ಲಿ ಒಂದು ಚಿಪ್ಪಿನ ನಾಲ್ಕನೇ ಕಾಲಿಗೆ, ಇನ್ನೊಂದು ಔಟ್‌ಪುಟ್ ಪ್ಲಸ್ಸಿಗೆ ಸೇರಿರುತ್ತದೆ. ಮೀಟರಿನ ಬೀಪ್ ಇಟ್ಟು ಆ ಎರಡನ್ನು ಹುಡುಕಿ, ಅವುಗಳ ನಡುವೆ ರೆಸಿಸ್ಟರ್ ಹಾಕಬೇಕು. ಆಮೇಲೆ ಬೆಸುಗೆಯ ಮೇಲೆ ಬಣ್ಣವಿಲ್ಲದ ಉಗುರು ಪಾಲಿಶ್ ಹಚ್ಚಿದೆ. ಹೆಂಡತಿ ಸೀಸೆ ಹುಡುಕುತ್ತಿದ್ದಳು, ಅದು ಬೇರೆ ಕಥೆ.

ಪೂರ್ತಿ 12 ಬರಲಿಲ್ಲ ಅಂತ ಕೊರಗಬೇಕಿಲ್ಲ. 11.3ರಲ್ಲಿ ಬೆಳಕು ಒಂಚೂರು ಕಡಿಮೆ, ಪಕ್ಕಪಕ್ಕ ಇಟ್ಟು ನೋಡಿದರೆ ಮಾತ್ರ ಗೊತ್ತಾಗುತ್ತದೆ. ಸ್ಟ್ರಿಪ್ಪೂ ಬೋರ್ಡೂ ಮೊದಲಿಗಿಂತ ತಣ್ಣಗಿರುತ್ತವೆ. ಆದರೆ ದಪ್ಪ ಬಲ್ಬಿನ ಸ್ಟ್ರಿಪ್ ಐದು ಮೀಟರಿದ್ದರೆ 72 ವ್ಯಾಟ್ ಬೇಕು. ಅಷ್ಟಕ್ಕೆ ಈ ಬೋರ್ಡೂ ಸಾಲದು, 65 ವ್ಯಾಟಿನ ಅಡಾಪ್ಟರೂ ಸಾಲದು.

ಶಿರಸಿಯಲ್ಲಿ ಭಾವನ ಮನೆಯಲ್ಲೂ ಅದೇ ಬೋರ್ಡಿದೆ, ಹಳೇ ಪ್ರಿಸೆಟ್ಟಿನ ಸಮೇತ. "ಎಂತ ಮಾರಾಯಾ, ನಮ್ಮಲ್ಲಿ ಮಳೆ ಇದ್ದರೂ ಉಪ್ಪಿಲ್ಲವಲ್ಲ" ಅಂತಾನೆ. ಇಲ್ಲಿಯವರೆಗೆ ಅವನ ಮಾತೇ ಸರಿ. ಆದರೂ ಈ ಸಲ ಚೌತಿಗೆ ಹೋಗುವಾಗ ಜೇಬಿನಲ್ಲಿ ಒಂದು 2.7 ಕಿಲೋ ಓಮಿನ ರೆಸಿಸ್ಟರ್ ಇಟ್ಟುಕೊಂಡೇ ಹೋಗುತ್ತೇನೆ.