ಟಿವಿಯಿಂದ ಆಪ್ಟಿಕಲ್ ಕೇಬಲ್‌ನಲ್ಲಿ ಸೌಂಡೇ ಬರುತ್ತಿಲ್ಲವಾ? ಹೊಸ ಕೇಬಲ್ ತರುವ ಮೊದಲು ಇದನ್ನು ನೋಡಿ

ಈ 2.1 ಸ್ಪೀಕರ್ ಸೆಟ್ ನಮ್ಮ ಮನೆಗೆ ಬಂದು ಎರಡು ವರ್ಷದ ಮೇಲಾಯಿತು. ಎರಡು ಸ್ಪೀಕರ್, ಒಂದು ಸಬ್‌ವೂಫರ್, ಹಿಂದೆ ಒಂದು ಆಪ್ಟಿಕಲ್ ಇನ್‌ಪುಟ್, ಅಷ್ಟೇ. ಮಾತು ಸ್ಪಷ್ಟ, ಬಾಸ್ ಹಾಲ್‌ಗೆ ಧಾರಾಳ ಸಾಕು. ಸೌಂಡ್ ಬಗ್ಗೆ ನನ್ನದು ತಕರಾರಿಲ್ಲ. ಆದರೆ ಇದನ್ನು ಕೊಂಡ ತುಂಬಾ ಜನ ಮೊದಲ ವಾರದಲ್ಲೇ ಒಂದು ಕಡೆ ಸಿಕ್ಕಿಹಾಕಿಕೊಳ್ಳುತ್ತಾರೆ, ಜೊತೆಗೆ ಬರುವ ಪುಸ್ತಕದಲ್ಲಿ ಅದರ ಬಗ್ಗೆ ಒಂದು ಸಾಲೂ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮಲ್ಲಿ ಆಗಿದ್ದು ಹೀಗೆ. ಸೆಟ್‌ಟಾಪ್ ಬಾಕ್ಸ್‌ನ ನ್ಯೂಸ್ ಚಾನೆಲ್ ಹಾಕಿದರೆ ಸೌಂಡ್ ಚೆನ್ನಾಗಿ ಬರುತ್ತಿತ್ತು. ಅದೇ ಟಿವಿಯ ಆ್ಯಪ್‌ನಲ್ಲಿ ಸಿನಿಮಾ ಹಾಕಿದ ತಕ್ಷಣ ಸ್ಪೀಕರ್ ಮೌನ. ವಾಪಸ್ ನ್ಯೂಸ್‌ಗೆ ಬಂದರೆ ಮತ್ತೆ ಸೌಂಡ್. ಅಂಗಡಿಯವರಿಗೆ ಫೋನ್ ಮಾಡಿದರೆ "ಕೇಬಲ್ ಹೋಗಿದೆ ಸರ್, ಒಳ್ಳೆ ಗೋಲ್ಡ್ ಪ್ಲೇಟೆಡ್ ತಗೊಳ್ಳಿ" ಅಂದರು. ಕೇಬಲ್ ಹೋಗಿದ್ದರೆ ನ್ಯೂಸ್ ಹೇಗೆ ಬರುತ್ತದೆ, ಅಲ್ವಾ? ಇದರಲ್ಲಿ ಹೋಗುವುದು ಕರೆಂಟಲ್ಲ, ಬೆಳಕು. ಚಿನ್ನ ಬಳಿದರೆ ಬೆಳಕಿಗೆ ಏನೂ ಪ್ರಯೋಜನ ಇಲ್ಲ.

ಕೇಬಲ್ ಪರೀಕ್ಷೆ ತುಂಬಾ ಸುಲಭ. ಟಿವಿ ಆನ್ ಇರುವಾಗಲೇ ಸ್ಪೀಕರ್ ಕಡೆಯ ತುದಿಯನ್ನು ಬಿಚ್ಚಿ, ಅಂಗೈ ಹತ್ತಿರ ಹಿಡಿಯಿರಿ. ಸಣ್ಣ ಕೆಂಪು ಚುಕ್ಕೆ ಬಿದ್ದರೆ ಟಿವಿ ಸಿಗ್ನಲ್ ಕಳಿಸುತ್ತಿದೆ, ಕೇಬಲ್ ಅದನ್ನು ಮುಟ್ಟಿಸುತ್ತಿದೆ. ಚುಕ್ಕೆ ಇಲ್ಲದಿದ್ದರೆ ಟಿವಿಯ `Sound Output` ನಲ್ಲಿ `Optical` ಆರಿಸಿದ್ದೀರಾ ನೋಡಿ. ತುದಿಗೆ ಹಾಕಿರುವ ಸಣ್ಣ ಪ್ಲಾಸ್ಟಿಕ್ ಟೋಪಿ ತೆಗೆದಿದ್ದೀರಾ, ಗೋಡೆಗೆ ಒತ್ತಿಕೊಂಡ ಟಿವಿ ಹಿಂದೆ ಕೇಬಲ್ ತೀರಾ ಮಡಚಿಕೊಂಡಿದೆಯಾ, ಅದನ್ನೂ ನೋಡಿ. ಪ್ಲಗ್ ಟಕ್ ಅಂತ ಕೂರಬೇಕು, ಅರ್ಧ ಕೂತರೂ ಸೌಂಡ್ ಬರುವುದಿಲ್ಲ.

ನಮ್ಮಲ್ಲಿ ಸಿನಿಮಾ ಓಡುವಾಗಲೂ ಚುಕ್ಕೆ ಇತ್ತು. ಅಂದರೆ ಸೌಂಡ್ ಸ್ಪೀಕರ್‌ವರೆಗೆ ಬಂದಿದೆ, ಅದನ್ನು ಬಿಡಿಸಿಕೊಳ್ಳಲು ಸ್ಪೀಕರ್‌ಗೆ ಬರುತ್ತಿಲ್ಲ. ಆಪ್ಟಿಕಲ್ ಕೇಬಲ್‌ನಲ್ಲಿ ಸೌಂಡ್ ಎರಡು ರೀತಿ ಹೋಗಬಹುದು. ಒಂದು PCM, ಅಂದರೆ ಎರಡು ಚಾನೆಲ್‌ನ ನೇರ ಸೌಂಡ್, ಆಪ್ಟಿಕಲ್ ಇನ್‌ಪುಟ್ ಇರುವ ಎಲ್ಲ ಸ್ಪೀಕರ್‌ಗೂ ಇದು ಅರ್ಥವಾಗುತ್ತದೆ. ಇನ್ನೊಂದು ಡಾಲ್ಬಿ ಡಿಜಿಟಲ್ ತರದ್ದು, 5.1 ಸೌಂಡನ್ನು, ಅಂದರೆ ಐದು ಸ್ಪೀಕರ್ ಮತ್ತು ಒಂದು ಸಬ್‌ವೂಫರ್‌ಗೆ ಬೇರೆಬೇರೆಯಾಗಿರುವ ಸೌಂಡನ್ನು, ಕುಗ್ಗಿಸಿ ಗಂಟು ಕಟ್ಟಿ ಕಳಿಸುವುದು. ಗಂಟು ಬಿಚ್ಚುವ ಡಿಕೋಡರ್ ಸ್ಪೀಕರ್ ಒಳಗೆ ಇರಬೇಕು. ಈ ಸೆಟ್‌ನಲ್ಲಿ ಇಲ್ಲ. ನಮ್ಮ ನ್ಯೂಸ್ ಚಾನೆಲ್ ಸ್ಟೀರಿಯೊ, ಟಿವಿ ಅದನ್ನು PCM ಮಾಡಿ ಕಳಿಸುತ್ತಿತ್ತು. ಸಿನಿಮಾ 5.1, ಅದು ಡಾಲ್ಬಿಯಾಗಿ ಹೋಗುತ್ತಿತ್ತು. ಕೆಲವು ಸ್ಪೀಕರ್‌ಗಳಲ್ಲಿ ಮೌನದ ಬದಲು ಕರ್ರ್ ಅನ್ನುವ ಗದ್ದಲ ಬರುತ್ತದೆ, ಕಾರಣ ಒಂದೇ. ಹಾಗೆ ಬಂದರೆ ಮೊದಲು ವಾಲ್ಯೂಮ್ ಇಳಿಸಿ.

ಪರಿಹಾರ ಟಿವಿಯ ಸೌಂಡ್ ಮೆನುವಿನಲ್ಲಿದೆ. `Digital Output Format` ಅಥವಾ ಅದರಂಥದ್ದೇ ಹೆಸರಿರುತ್ತದೆ, ಕೆಲವದರಲ್ಲಿ `Advanced` ಅಥವಾ `Expert Settings` ಒಳಗೆ ಅಡಗಿರುತ್ತದೆ. ನಮ್ಮ ಟಿವಿಯಲ್ಲಿ ಅದು `Auto` ದಲ್ಲಿತ್ತು. `PCM` ಗೆ ಬದಲಿಸಿ, ಸಿನಿಮಾ ನಿಲ್ಲಿಸಿ ಮತ್ತೆ ಶುರು ಮಾಡಿದೆ, ಸೌಂಡ್ ಬಂತು. ಈಗ 5.1 ಅನ್ನು ಎರಡು ಚಾನೆಲ್‌ಗೆ ಇಳಿಸುವ ಕೆಲಸ ಟಿವಿಯದ್ದು. ಹೇಗೂ ಎರಡೇ ಸ್ಪೀಕರ್ ಇರುವಾಗ ಇದರಲ್ಲಿ ನಷ್ಟವಿಲ್ಲ. ಆದರೆ ನಿಮ್ಮದು ನಿಜವಾದ 5.1 ಹೋಮ್ ಥಿಯೇಟರ್ ಆಗಿದ್ದರೆ `PCM` ಇಡಬೇಡಿ, ಆಪ್ಟಿಕಲ್‌ನಲ್ಲಿ PCM ಎರಡೇ ಚಾನೆಲ್, ಹಿಂದಿನ ಸ್ಪೀಕರ್‌ಗೆ ಬೇರೆ ಸೌಂಡ್ ಸಿಗುವುದಿಲ್ಲ. ಅಲ್ಲಿ `Dolby Digital` ಆರಿಸಿ. ತಲೆ ಮೇಲಿಂದಲೂ ಸೌಂಡ್ ಬರುವ ಡಾಲ್ಬಿ ಅಟ್ಮಾಸ್ ಆಸೆ ಇದ್ದರೆ ಆಪ್ಟಿಕಲ್ ಬಿಟ್ಟುಬಿಡಿ, ಈ ದಾರಿಯಲ್ಲಿ ಅದು ಬರುವುದಿಲ್ಲ, ಎಚ್‌ಡಿಎಂಐ ಬೇಕು.

ಒಮ್ಮೆ ಟಿವಿಯ ಸಾಫ್ಟ್‌ವೇರ್ ಅಪ್‌ಡೇಟ್ ಆದಮೇಲೆ ಅದೇ ಮೌನ ಮತ್ತೆ ಬಂತು. ಸೆಟ್ಟಿಂಗ್ ತಾನಾಗಿ `Auto` ಗೆ ಹೋಗಿತ್ತು. ಹಾಗಾಗಿ ಇದ್ದಕ್ಕಿದ್ದಂತೆ ಸೌಂಡ್ ನಿಂತರೆ ಈಗ ನಾನು ಮೊದಲು ಅಲ್ಲೇ ನೋಡುವುದು.

`PCM` ಇಟ್ಟರೂ ಪೆನ್‌ಡ್ರೈವ್‌ನ ಕೆಲವು ಸಿನಿಮಾಗಳಿಗೆ ಸೌಂಡ್ ಬರದೇ ಇರಬಹುದು. ಆಗ ಟಿವಿಯ ಸ್ವಂತ ಸ್ಪೀಕರ್‌ಗೆ ಬದಲಿಸಿ ನೋಡಿ. ಅಲ್ಲೂ ಬರದಿದ್ದರೆ ಆ ಫೈಲ್‌ನ ಸೌಂಡ್ ಡಾಲ್ಬಿಯಂಥದ್ದೇ ಇನ್ನೊಂದು ಬಗೆಯಾದ ಡಿಟಿಎಸ್ ಇರಬಹುದು, ಎಷ್ಟೋ ಟಿವಿಗಳು ಅದನ್ನು ಓದುವುದಿಲ್ಲ. ಫೈಲ್‌ನಲ್ಲಿ ಎರಡನೇ ಆಡಿಯೊ ಟ್ರ್ಯಾಕ್ ಇದ್ದರೆ ಅದಕ್ಕೆ ಬದಲಿಸಿ.

ನನಗೆ ಇವತ್ತಿಗೂ ಕಿರಿಕಿರಿ ಆಗುವುದು ವಾಲ್ಯೂಮ್ ವಿಷಯ. ನಮ್ಮ ಟಿವಿ ಆಪ್ಟಿಕಲ್‌ನಲ್ಲಿ ಒಂದೇ ಮಟ್ಟದ ಸೌಂಡ್ ಕಳಿಸುತ್ತದೆ, ಟಿವಿ ರಿಮೋಟ್ ಒತ್ತಿದರೆ ಏನೂ ಆಗುವುದಿಲ್ಲ, ಸ್ಪೀಕರ್‌ನ ರಿಮೋಟನ್ನೇ ಹುಡುಕಬೇಕು. ಮನೆಯಲ್ಲಿ ವಯಸ್ಸಾದವರಿದ್ದರೆ ಇದು ದಿನಾ ತೊಂದರೆ. ಅಂಥವರು ಸ್ವಲ್ಪ ಜಾಸ್ತಿ ದುಡ್ಡಾದರೂ ಟಿವಿ ರಿಮೋಟ್‌ನಲ್ಲೇ ಸ್ಪೀಕರ್ ವಾಲ್ಯೂಮ್ ಬದಲಿಸಲು ಬಿಡುವ ಎಚ್‌ಡಿಎಂಐ ಎಆರ್‌ಸಿ ಇರುವ ಸೆಟ್ ತಗೊಳ್ಳಿ. ಉಳಿದವರಿಗೆ ಈ ಬೆಲೆಗೆ ಇದು ಒಳ್ಳೆಯದೇ, ಐದಕ್ಕೆ ನಾಲ್ಕು ಕೊಡುತ್ತೇನೆ.